ಮದುವೆ ಫೋಟೋಗಳಿಗೆ ಹೊಸ ಫೈಲ್ ಹೆಸರು: ಓದುವುದು, ಎಣಿಸುವುದು, ಆಲ್ಬಮ್‌ಗೆ ಆರಿಸುವುದು ಹೇಗೆ

"ನಡುವೆ 0413 ಇಲ್ಲವಲ್ಲ, ಆ ಫೋಟೋ ಎಲ್ಲಿ ಹೋಯಿತು?" "0412 ಅಂತ ಎರಡು ಇವೆ, ಯಾವುದನ್ನು ಬರೆಯಲಿ?" "ನಾವು ಆರಿಸಿದ್ದು ಅಜ್ಜಿಯ ಫೋಟೋ, ಶೀಟಿನಲ್ಲಿ ಬೇರೆ ಯಾರೋ ಇದ್ದಾರೆ." ಮದುವೆ ಮುಗಿದ ಮೇಲೆ ಡೊಂಬಿವಲಿಯ ನಮ್ಮ ಸ್ಟುಡಿಯೋಗೆ ಬರುವ ಕರೆಗಳಲ್ಲಿ ಈ ಮೂರು ಮಾತು ಮತ್ತೆ ಮತ್ತೆ ಕೇಳುತ್ತವೆ. ಮೂರಕ್ಕೂ ಮೂಲ ಒಂದೇ, ಕ್ಯಾಮೆರಾ ತಾನಾಗಿಯೇ ಕೊಡುವ ಹೆಸರು. ಅದಕ್ಕಾಗಿ ಇನ್ನು ಮುಂದೆ ನಾವು ಕೊಡುವ ಎಲ್ಲ ಫೋಟೋಗಳಿಗೂ ನಮ್ಮದೇ ಒಂದು ಕ್ರಮದಲ್ಲಿ ಹೆಸರಿಟ್ಟು ಕೊಡುತ್ತೇವೆ. ಆ ಹೆಸರನ್ನು ಹೇಗೆ ಓದಬೇಕು, ಎಲ್ಲ ಫೋಟೋ ಬಂದಿದೆಯೇ ಎಂದು ಹೇಗೆ ನೋಡಿಕೊಳ್ಳಬೇಕು, ಆಲ್ಬಮ್‌ಗೆ ಆರಿಸಿದ ಪಟ್ಟಿಯನ್ನು ಹೇಗೆ ಬರೆದು ಕಳಿಸಬೇಕು ಎಂಬುದನ್ನು ಇಲ್ಲಿ ವಿವರಿಸಿದ್ದೇನೆ. ಪಟ್ಟಿ ಮಾಡಲು ಕೂರುವವರು ಯಾರೋ, ಅವರು ಒಮ್ಮೆ ಪೂರ್ತಿ ಓದಿಕೊಂಡರೆ ಸಾಕು.

ಹಳೆಯ ಹೆಸರಿನ ತೊಂದರೆ ಏನೆಂದರೆ, `DSC_0412.JPG` ಎಂಬಲ್ಲಿರುವ 0412 ನಿಮ್ಮ ಮದುವೆಯ ಲೆಕ್ಕವಲ್ಲ, ಆ ಕ್ಯಾಮೆರಾದ ಲೆಕ್ಕ. 9999ರ ತನಕ ಹೋಗಿ ಮತ್ತೆ 0001ರಿಂದ ಶುರುವಾಗುತ್ತದೆ. ಒಂದು ಮದುವೆಗೆ ನಮ್ಮ ಎರಡು ಮೂರು ಕ್ಯಾಮೆರಾ ಓಡುತ್ತವೆ. ಒಂದರ 0412 ಧಾರೆಯ ಹೊತ್ತಿನದು, ಇನ್ನೊಂದರ 0412 ಊಟದ ಪಂಕ್ತಿಯದು ಆಗಿರಬಹುದು. ಇನ್ನು, ಕಣ್ಣು ಮುಚ್ಚಿದ, ಅಲುಗಿದ, ಫ್ಲಾಶ್ ಬೀಳದ ಚಿತ್ರಗಳನ್ನು ನಾವು ತೆಗೆದುಹಾಕಿದಾಗ ನಡುವಿನ ಸಂಖ್ಯೆಗಳು ಮಾಯವಾಗುತ್ತವೆ. ನೋಡುವವರಿಗೆ ಫೋಟೋ ಕಳೆದುಹೋಗಿದೆ ಅನಿಸುವುದು ಸಹಜ.

1. ಹೆಸರನ್ನು ಓದುವುದು

ಹೊಸ ಹೆಸರು ಹೀಗಿರುತ್ತದೆ:

```
20251123_J147_F4DHARE_1187_P.jpg
```

ಮೊದಲ ಎಂಟು ಅಂಕೆ ದಿನಾಂಕ: ವರ್ಷ, ತಿಂಗಳು, ದಿನ. ಇದು 2025ರ ನವೆಂಬರ್ 23. ನಾವು ಬರೆಯುವ ರೂಢಿಯಂತೆ ದಿನವನ್ನು ಮೊದಲು ಹಾಕಿದರೆ ಕಂಪ್ಯೂಟರ್ ಹೆಸರಿನ ಪ್ರಕಾರ ಜೋಡಿಸುವಾಗ ಡಿಸೆಂಬರ್ 2 ನವೆಂಬರ್ 23ಕ್ಕಿಂತ ಮುಂದೆ ಬಂದು ಕೂರುತ್ತದೆ. ವರ್ಷ ಮೊದಲಿದ್ದರೆ ಹೆಸರಿನ ಕ್ರಮ, ಕಾಲದ ಕ್ರಮ ಎರಡೂ ಒಂದೇ ಆಗುತ್ತವೆ. ಇಲ್ಲೊಂದು ಸಂಗತಿ ಗಮನಿಸಿ. ಈ ದಿನಾಂಕ ಕಾರ್ಯಕ್ರಮ ಶುರುವಾದ ದಿನದ್ದು. 22ರ ಸಂಜೆ ಶುರುವಾದ ಮೆಹಂದಿ ರಾತ್ರಿ ಹನ್ನೆರಡು ದಾಟಿ ನಡೆದರೂ ಅದರ ಎಲ್ಲ ಫೋಟೋಗಳ ಹೆಸರಿನಲ್ಲಿ 22 ಎಂದೇ ಇರುತ್ತದೆ. ಫೋಟೋದ ಒಳಗೆ ಕ್ಯಾಮೆರಾ ಬರೆದಿಟ್ಟ ಸಮಯ ಮಾತ್ರ 23 ಎಂದು ತೋರಿಸುತ್ತದೆ. ಎರಡೂ ಸರಿಯೇ.

`J147` ನಿಮ್ಮ ಜಾಬ್ ನಂಬರ್. ನಮ್ಮ ರಸೀದಿಯ ಮೇಲೂ ಇದೇ ಇರುತ್ತದೆ. ಮನೆತನದ ಹೆಸರನ್ನೇ ಹಾಕಬಹುದಿತ್ತಲ್ಲ ಎಂದು ಕೆಲವರು ಕೇಳಿದ್ದಾರೆ. ಮುಂಬಯಿಯಲ್ಲಿ ಒಳ್ಳೆಯ ಮುಹೂರ್ತದ ಒಂದೇ ದಿನ ಎರಡು ಶೆಟ್ಟಿ ಮನೆಯ ಮದುವೆ ಇರುವುದು ಅಪರೂಪವೇನಲ್ಲ. ಬೀಗರ ಹೆಸರು ಮೊದಲೋ ನಮ್ಮದು ಮೊದಲೋ ಎಂಬ ಮಾತೂ ಬೇಡ ಅನಿಸಿತು.

`F4DHARE` ನಾಲ್ಕನೆಯ ಭಾಗ, ಧಾರೆ. ಮದುವೆಯನ್ನು ನಡೆದ ಕ್ರಮದಲ್ಲಿ ಭಾಗ ಮಾಡಿ F1, F2 ಎಂದು ಎಣಿಸುತ್ತೇವೆ. ಹೆಸರು ರೋಮನ್ ಅಕ್ಷರದಲ್ಲಿರುವುದಕ್ಕೆ ಕಾರಣ, ಆಲ್ಬಮ್ ಅಚ್ಚು ಹಾಕುವ ಲ್ಯಾಬಿನವರಿಗೂ ಪುಣೆಯ ಬೀಗರಿಗೂ ಅದನ್ನು ಓದಲು ಬರಬೇಕು. ಕೆಲವು ಹಳೆಯ ಟಿವಿಗಳು ಪೆನ್‌ಡ್ರೈವಿನಲ್ಲಿರುವ ಕನ್ನಡ ಹೆಸರಿನ ಜಾಗದಲ್ಲಿ ಚೌಕಗಳನ್ನಷ್ಟೇ ತೋರಿಸುತ್ತವೆ.

ಈಗ ಮುಖ್ಯವಾದದ್ದು, `1187`. ಇಡೀ ಮದುವೆಯಲ್ಲಿ ಈ ಸಂಖ್ಯೆಯ ಫೋಟೋ ಒಂದೇ ಒಂದು. ಮೆಹಂದಿಯ ಮೊದಲ ಫೋಟೋ 0001, ಅಲ್ಲಿಂದ ಆರತಕ್ಷತೆಯ ಕೊನೆಯ ಫೋಟೋ ತನಕ ಎಣಿಕೆ ಎಲ್ಲೂ ನಿಲ್ಲುವುದಿಲ್ಲ, ಮತ್ತೆ ಒಂದರಿಂದ ಶುರುವಾಗುವುದಿಲ್ಲ, ಯಾವ ಕ್ಯಾಮೆರಾ ಎಂಬುದೂ ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಬೇಡದ ಚಿತ್ರಗಳನ್ನು ತೆಗೆದ ಮೇಲೆಯೇ ಈ ಸಂಖ್ಯೆ ಹಾಕುತ್ತೇವೆ, ಆದ್ದರಿಂದ ನಡುವೆ ಒಂದೂ ಬಿಟ್ಟುಹೋಗಿರುವುದಿಲ್ಲ. ನೀವು ಫೋನ್ ಮಾಡಿ "1187" ಎಂದು ಇಷ್ಟೇ ಹೇಳಿದರೂ ಯಾವುದೆಂದು ನಮಗೆ ತಿಳಿಯುತ್ತದೆ. ಹಿಂದಿನ ಭಾಗಗಳನ್ನೆಲ್ಲ ಮರೆತರೂ ಈ ನಾಲ್ಕು ಅಂಕೆ ನೆನಪಿರಲಿ.

ಕೊನೆಯ ಅಕ್ಷರ `P` ಎಂದರೆ ಅಚ್ಚಿಗೆ ಬೇಕಾದ ದೊಡ್ಡ ಫೈಲ್. `M` ಎಂದರೆ ಮೊಬೈಲಿನಲ್ಲಿ ನೋಡಲು, ನೆಂಟರಿಗೆ ಕಳಿಸಲು ಮಾಡಿದ ಚಿಕ್ಕ ಫೈಲ್. ಫೋಟೋ ಒಂದೇ, ಸಂಖ್ಯೆಯೂ ಒಂದೇ, ಗಾತ್ರ ಮಾತ್ರ ಬೇರೆ.

2. ಇಳಿಸಿಕೊಂಡು ಎಣಿಸುವುದು

ನಿಮಗೆ ಬರುವ ಫೋಲ್ಡರ್ ತೆರೆದರೆ `00_LIST.txt` ಎಂಬ ಒಂದು ಚಿಕ್ಕ ಫೈಲ್, ಜೊತೆಗೆ `PRINT` ಮತ್ತು `MOBILE` ಎಂಬ ಎರಡು ಫೋಲ್ಡರ್ ಕಾಣುತ್ತವೆ. ಮೊದಲು ಆ ಪಟ್ಟಿಯನ್ನು ತೆರೆಯಿರಿ. ಉದಾಹರಣೆಗೆ ನಾವು ಹಿಡಿದಿರುವ ಮದುವೆಯದು ಹೀಗಿದೆ:

```
J147
F1MEHENDI    0001-0312   312
F2VADHU      0313-0428   116
F3VARA       0429-0590   162
F4DHARE      0591-1264   674
F5RECEPTION  1265-1846   582
TOTAL                   1846
```

ಎರಡನೆಯ, ಮೂರನೆಯ ಭಾಗ ಬೇರೆ ಬೇರೆ ಇರುವುದನ್ನು ನೋಡಿ. ಬೆಳಗ್ಗೆ ಒಬ್ಬ ಫೋಟೋಗ್ರಾಫರ್ ಮದುಮಗಳ ಅಲಂಕಾರ ತೆಗೆಯುತ್ತಿರುವಾಗಲೇ ಇನ್ನೊಬ್ಬ ವರನ ದಿಬ್ಬಣದ ಜೊತೆ ಇರುತ್ತಾನೆ. ಎರಡನ್ನೂ ಬರೀ ಸಮಯದ ಪ್ರಕಾರ ಜೋಡಿಸಿದರೆ ಒಂದು ಫೋಟೋದಲ್ಲಿ ಕನ್ನಡಿ ಮುಂದಿನ ಹುಡುಗಿ, ಮರುಫೋಟೋದಲ್ಲಿ ಬ್ಯಾಂಡಿನವರು ಎಂದು ಕಲಸಿಹೋಗುತ್ತದೆ. ಅದಕ್ಕೇ ಅವಕ್ಕೆ ಪ್ರತ್ಯೇಕ ಭಾಗ ಕೊಟ್ಟಿದ್ದೇವೆ. ಧಾರೆಯಿಂದ ಮುಂದೆ ಎಲ್ಲ ಕ್ಯಾಮೆರಾಗಳೂ ಒಂದೇ ಕಡೆ ಇರುವುದರಿಂದ ಸಮಯದ ಕ್ರಮವೇ ಸರಿಹೋಗುತ್ತದೆ. ಇದಕ್ಕಾಗಿ ಪ್ರತಿ ಕಾರ್ಯಕ್ರಮಕ್ಕೆ ಮುಂಚೆ ಎಲ್ಲ ಕ್ಯಾಮೆರಾಗಳ ಗಡಿಯಾರವನ್ನೂ ಒಂದೇ ಸಮಯಕ್ಕೆ ಹೊಂದಿಸಿಕೊಳ್ಳುತ್ತೇವೆ.

ಎಣಿಸುವುದು ಬಹಳ ಸುಲಭ. ನಡುವೆ ಸಂಖ್ಯೆ ಬಿಟ್ಟಿಲ್ಲವಾದ್ದರಿಂದ ಕೊನೆಯ ಸಂಖ್ಯೆ ಎಷ್ಟೋ, ಫೋಟೋಗಳೂ ಅಷ್ಟೇ ಇರಬೇಕು. ವಿಂಡೋಸ್ ಕಂಪ್ಯೂಟರಿನಲ್ಲಿ `PRINT` ಫೋಲ್ಡರ್ ತೆರೆದರೆ ಕೆಳಗಿನ ಪಟ್ಟಿಯಲ್ಲಿ `1846 items` ಎಂದು ಕಾಣಬೇಕು. ಕಡಿಮೆ ಇದ್ದರೆ ಪೂರ್ತಿ ಇಳಿದಿಲ್ಲ ಎಂದರ್ಥ.

ಕಡಿಮೆ ಬರುವುದಕ್ಕೆ ಸಾಮಾನ್ಯ ಕಾರಣ ಜಿಪ್ ಫೈಲ್‌ಗಳು. ಜಿಪ್ ಎಂದರೆ ಹಲವು ಫೈಲ್‌ಗಳನ್ನು ಸೇರಿಸಿ ಕಟ್ಟಿದ ಒಂದು ಗಂಟು. ಗೂಗಲ್ ಡ್ರೈವಿನಿಂದ ದೊಡ್ಡ ಫೋಲ್ಡರ್ ಇಳಿಸಿಕೊಂಡರೆ ಅದು ಸುಮಾರು 2 ಜಿಬಿಯ ಹಲವು ಜಿಪ್‌ಗಳಾಗಿ ಬರುತ್ತದೆ, ಹೆಸರಿನ ಕೊನೆಯಲ್ಲಿ `-001`, `-002` ಎಂದು ಇರುತ್ತದೆ. ದೊಡ್ಡ ಫೋಟೋ ಒಂದಕ್ಕೆ 12 ಎಂಬಿ ಎಂದು ಹಿಡಿದರೂ 1846 ಫೋಟೋಗಳಿಗೆ 22 ಜಿಬಿ ಆಯಿತು, ಅಂದರೆ ಹನ್ನೊಂದು ಹನ್ನೆರಡು ಜಿಪ್. ಇವುಗಳಲ್ಲಿ ಒಂದು ಅರ್ಧಕ್ಕೇ ನಿಂತುಹೋದರೂ ಮೇಲ್ನೋಟಕ್ಕೆ ಗೊತ್ತಾಗುವುದಿಲ್ಲ, ಎಣಿಸಿದಾಗ ಮಾತ್ರ ಗೊತ್ತಾಗುತ್ತದೆ. ಮೊಬೈಲ್ ಡೇಟಾದಲ್ಲಿ ಇದನ್ನು ಮಾಡಲು ಹೋಗಬೇಡಿ, ಮನೆಯ ವೈಫೈಯಲ್ಲಿ, ಕಂಪ್ಯೂಟರಿನಲ್ಲಿ ಮಾಡಿ.

ಎಲ್ಲ ಜಿಪ್‌ಗಳನ್ನೂ ಒಂದೇ ಜಾಗಕ್ಕೆ ಬಿಚ್ಚಿರಿ. ಬಿಚ್ಚುವಾಗ "ಈ ಹೆಸರಿನ ಫೈಲ್ ಆಗಲೇ ಇದೆ, `Replace` ಮಾಡಲೇ?" ಎಂದು ಕಂಪ್ಯೂಟರ್ ಕೇಳಬಾರದು. ಕೇಳಿದರೆ ನೀವು ಒಂದೇ ಜಿಪ್ಪನ್ನು ಎರಡು ಸಲ ಬಿಚ್ಚುತ್ತಿದ್ದೀರಿ ಎಂದು ತಿಳಿದು `Skip` ಒತ್ತಿ. ಕ್ಯಾಮೆರಾ ಹೆಸರಿದ್ದಾಗ ಇಲ್ಲೇ ನಿಜವಾದ ನಷ್ಟ ಆಗುತ್ತಿತ್ತು. ಎರಡು ಕ್ಯಾಮೆರಾಗಳ ಫೋಲ್ಡರನ್ನು ಒಂದಕ್ಕೆ ಸೇರಿಸುವಾಗ `Replace` ಒತ್ತಿದವರ ಕೈಯಲ್ಲಿ ಒಂದು 0412 ಇನ್ನೊಂದು 0412ನ್ನು ಅಳಿಸಿಹಾಕುತ್ತಿತ್ತು.

3. ಕ್ರಮವಾಗಿ ನೋಡುವುದು

ಕಂಪ್ಯೂಟರಿನಲ್ಲಿ ಫೋಲ್ಡರನ್ನು `Name` ಪ್ರಕಾರ ಜೋಡಿಸಿ. `Date modified` ಪ್ರಕಾರ ಬೇಡ, ಅದು ನಾವು ಎಡಿಟ್ ಮಾಡಿ ಉಳಿಸಿದ ಸಮಯ, ಮದುವೆಯ ಸಮಯವಲ್ಲ.

ಮೊಬೈಲಿನಲ್ಲಾದರೆ ಗ್ಯಾಲರಿಯ ಬದಲು ಫೈಲ್ಸ್ ಆ್ಯಪ್‌ನಲ್ಲಿ ನೋಡಿ. ಗ್ಯಾಲರಿ ಹೆಸರನ್ನು ತೋರಿಸುವುದಿಲ್ಲ, ಫೋಟೋ ತೆರೆದು ಮೇಲಕ್ಕೆ ಸರಿಸಿ ವಿವರ ನೋಡಬೇಕಾಗುತ್ತದೆ. ಆರಿಸಲು `MOBILE` ಫೋಲ್ಡರ್ ಸಾಕು, ಬೇಗ ತೆರೆಯುತ್ತದೆ.

4. ಆಲ್ಬಮ್‌ಗೆ ಆರಿಸಿ ಪಟ್ಟಿ ಬರೆಯುವುದು

ಇದು ಹೆಚ್ಚು ತಪ್ಪುಗಳಾಗುವ ಹಂತ, ಸ್ವಲ್ಪ ನಿಧಾನವಾಗಿ ಓದಿ.

ನಮಗೆ ಬೇಕಾಗಿರುವುದು ಸಂಖ್ಯೆಗಳು. ಫೋಟೋಗಳನ್ನು ವಾಟ್ಸಾಪ್‌ನಲ್ಲಿ ಕಳಿಸಿ "ಇವನ್ನೆಲ್ಲ ಹಾಕಿ" ಎಂದರೆ ನಮಗೆ ಯಾವುದೂ ತಿಳಿಯುವುದಿಲ್ಲ. ವಾಟ್ಸಾಪ್ ಫೋಟೋವನ್ನು ಕುಗ್ಗಿಸುತ್ತದೆ, ಜೊತೆಗೆ ಹೆಸರನ್ನೂ ಬದಲಾಯಿಸುತ್ತದೆ. ಆಂಡ್ರಾಯ್ಡ್ ಫೋನಿನಲ್ಲಿ ಅದು `IMG-20251130-WA0007.jpg` ಎಂದು ಬಂದು ಕೂರುತ್ತದೆ. ಅದರಲ್ಲಿರುವ ದಿನಾಂಕ ವಾಟ್ಸಾಪ್‌ನಲ್ಲಿ ಓಡಾಡಿದ ದಿನದ್ದು, ಕೊನೆಯ 0007 ವಾಟ್ಸಾಪ್‌ನ ಲೆಕ್ಕ. ಇದನ್ನೇ ನಮ್ಮ ಸಂಖ್ಯೆ ಎಂದು ತಿಳಿದು "0007" ಎಂದು ಬರೆದು ಕಳಿಸಿದವರಿದ್ದಾರೆ. ನಮ್ಮ 0007 ಮೆಹಂದಿ ಹಚ್ಚುವವರು ಬಂದು ಕೂತಾಗಿನದು. ಅಜ್ಜಿಯ ಜಾಗದಲ್ಲಿ ಬೇರೆ ಯಾರೋ ಬರುವುದು ಹೀಗೂ ಆಗುತ್ತದೆ. ಸ್ಕ್ರೀನ್‌ಶಾಟ್ ಕಳಿಸಿದರೂ ಅಷ್ಟೇ, ಅದರಲ್ಲಿ ಹೆಸರು ಉಳಿಯುವುದಿಲ್ಲ. ಫೋಟೋವನ್ನೇ ಕಳಿಸಬೇಕಾದ ಸಂದರ್ಭ ಬಂದರೆ ಪಿನ್ನಿನ ಗುರುತು ಒತ್ತಿ `Document` ಆರಿಸಿ ಕಳಿಸಿ, ಆಗ ಹೆಸರು ಹಾಗೆಯೇ ಬರುತ್ತದೆ.

ಪಟ್ಟಿಯನ್ನು ಈ ರೀತಿ ಬರೆಯಿರಿ:

```
J147
F1: 0018, 0044, 0207
F2: 0316, 0361
F4: 0655, 0902, 1187, 1190
TOTAL 9
```

ನಾಲ್ಕೂ ಅಂಕೆ ಬರೆಯಿರಿ, ಮುಂದಿನ ಸೊನ್ನೆ ಬಿಡಬೇಡಿ. "44" ಎಂದು ಬರೆದಾಗ ಅದು 0044 ಇರಬಹುದು, ಬರೆಯುವಾಗ ಎರಡು ಅಂಕೆ ಬಿಟ್ಟುಹೋದ 1144 ಕೂಡ ಇರಬಹುದು. ಸಂಖ್ಯೆಯೊಂದೇ ಸಾಕು ಎಂದು ಮೇಲೆ ಹೇಳಿದ್ದರೂ ಪಟ್ಟಿಯಲ್ಲಿ F ಭಾಗವನ್ನೂ ಬರೆಯಿಸುವುದು ಇದೇ ಕಾರಣಕ್ಕೆ. F4ರ ಎದುರು 0361 ಎಂದು ಕಂಡರೆ ಧಾರೆ 0591ರಿಂದ ಶುರುವಾಗುವುದರಿಂದ ಎಲ್ಲೋ ತಪ್ಪಿದೆ ಎಂದು ಕೂಡಲೇ ಗೊತ್ತಾಗುತ್ತದೆ, ಅಚ್ಚಿಗೆ ಹೋಗುವ ಮೊದಲೇ ನಿಮ್ಮನ್ನು ಕೇಳುತ್ತೇವೆ. ಕೊನೆಯಲ್ಲಿ ಒಟ್ಟು ಸಂಖ್ಯೆ ಬರೆಯುವುದೂ ಅದಕ್ಕೇ. ಪಟ್ಟಿಯನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ನಕಲಿಸುವಾಗ ಒಂದು ಸಾಲು ಬಿಟ್ಟುಹೋದರೆ ಲೆಕ್ಕ ಕೂಡುವುದಿಲ್ಲ.

"0640ರಿಂದ 0652" ಎಂದು ಬರೆಯಬೇಡಿ. ನಮ್ಮ ಕಣ್ಣಿಗೆ ಅದು ಹದಿಮೂರು ಫೋಟೋ. ಬರೆದವರ ಮನಸ್ಸಿನಲ್ಲಿ ಇರುವುದು ಹೆಚ್ಚಾಗಿ "ಇವುಗಳಲ್ಲಿ ಚೆನ್ನಾಗಿರುವುದು ಒಂದು ಹಾಕಿ" ಎಂದು. ತಾಳಿ ಕಟ್ಟುವಾಗ, ಅಕ್ಷತೆ ಬೀಳುವಾಗ ಕ್ಯಾಮೆರಾ ಒಂದೇ ಸೆಕೆಂಡಿನಲ್ಲಿ ಹಲವು ಚಿತ್ರ ತೆಗೆದಿರುತ್ತದೆ, ಒಂದರಲ್ಲಿ ಅಮ್ಮನ ಮುಖ ಕಾಣುತ್ತದೆ, ಪಕ್ಕದ್ದರಲ್ಲಿ ಪುರೋಹಿತರ ಕೈ ಅಡ್ಡ ಬಂದಿರುತ್ತದೆ. ಯಾವ ಮುಖ ಮುಖ್ಯ ಎಂಬುದು ಮನೆಯವರಿಗೆ ಗೊತ್ತಿರುವಷ್ಟು ನಮಗೆ ಗೊತ್ತಿರುವುದಿಲ್ಲ. ದಯವಿಟ್ಟು ಅದನ್ನು ನೀವೇ ಆರಿಸಿ. ಆರಿಸಲು ಆಗುತ್ತಲೇ ಇಲ್ಲ ಎಂದರೆ `0644?` ಎಂದು ಪ್ರಶ್ನೆಯ ಗುರುತು ಹಾಕಿ, ಅಕ್ಕಪಕ್ಕದ್ದನ್ನು ನೋಡಿ ನಾವು ನಿರ್ಧರಿಸುತ್ತೇವೆ.

ಎಷ್ಟು ಫೋಟೋ ಆರಿಸಬೇಕು? 12×36 ಇಂಚಿನ ಒಂದು ಶೀಟ್, ಅಂದರೆ ಆಲ್ಬಮ್ ಬಿಡಿಸಿದಾಗ ಎದುರುಬದುರು ಕಾಣುವ ಎರಡು ಪುಟ, ಸರಾಸರಿ ನಾಲ್ಕೈದು ಫೋಟೋ ಹಿಡಿಯುತ್ತದೆ. ಮೂವತ್ತು ಶೀಟಿನ ಆಲ್ಬಮ್‌ಗೆ 120ರಿಂದ 150. ಇದಕ್ಕಿಂತ ಹೆಚ್ಚು ಕೊಟ್ಟರೆ ಹಾಕಬಹುದು, ಆದರೆ ಮುಖಗಳು ಚಿಕ್ಕದಾಗುತ್ತವೆ.

ಎರಡೂ ಮನೆಯವರು ಬೇರೆ ಬೇರೆ ಪಟ್ಟಿ ಮಾಡಿದರೆ ತೊಂದರೆಯಿಲ್ಲ, ಸಂಖ್ಯೆಗಳು ಒಂದೇ ಆಗಿರುವುದರಿಂದ ಕೂಡಿಸುವುದು ಸುಲಭ. ಹುಡುಗಿಯ ಚಿಕ್ಕಪ್ಪ ಮುಲುಂಡಿನಲ್ಲಿ, ಹುಡುಗನ ಅಕ್ಕ ಪುಣೆಯಲ್ಲಿ ಕೂತು ಆರಿಸಬಹುದು. ಕೊನೆಗೆ ಅಂತಿಮ ಪಟ್ಟಿ ಮಾತ್ರ ಒಬ್ಬರಿಂದಲೇ ಬರಲಿ. ಯಾರಿಂದ ಎಂಬುದನ್ನು ಆರ್ಡರ್ ಕೊಡುವಾಗಲೇ ಬರೆಸಿ.

5. ಹೆಸರನ್ನು ಬದಲಿಸಬೇಡಿ

ನಮ್ಮಲ್ಲಿ ಉಳಿಯುವ ಮೂಲ ಫೈಲ್‌ಗಳಿಗೂ ಇದೇ ಸಂಖ್ಯೆ ಇರುತ್ತದೆ. ಮೂಲ ಫೈಲ್ ಎಂದರೆ ಕ್ಯಾಮೆರಾ ಹಿಡಿದ, ಎಡಿಟ್ ಆಗದ ರಾ ಫೈಲ್. ನಿಮ್ಮ `1187` ಮತ್ತು ನಮ್ಮ `1187` ಒಂದೇ ಆಗಿರುವವರೆಗೆ ಮುಂದೆ ಯಾವಾಗ ಬಂದು ಕೇಳಿದರೂ ತೆಗೆದುಕೊಡುವುದು ಸುಲಭ. ನೀವು ಅದಕ್ಕೆ `Amma.jpg` ಎಂದು ಹೆಸರಿಟ್ಟರೆ ಆ ಕೊಂಡಿ ತಪ್ಪುತ್ತದೆ. ಫೋಟೋದ ಒಳಗೆ ತೆಗೆದ ಸಮಯ ಉಳಿದಿರುತ್ತದೆ ನಿಜ, ಆದರೆ ಒಂದೇ ಸೆಕೆಂಡಿನ ಐದಾರು ಚಿತ್ರಗಳಲ್ಲಿ ಯಾವುದೆಂದು ಅದರಿಂದ ಹೇಳುವುದು ಕಷ್ಟ. ಹೆಸರು ಸೇರಿಸಲೇಬೇಕಿದ್ದರೆ ನಕಲು ಮಾಡಿಕೊಂಡು ಸಂಖ್ಯೆಯನ್ನು ಉಳಿಸಿ ಕೊನೆಗೆ ಸೇರಿಸಿ: `1187_P_Amma.jpg`.

ತಿದ್ದುಪಡಿ ಕೇಳುವಾಗಲೂ ಸಂಖ್ಯೆ ಹೇಳಿ: "1187, ಹಿಂದೆ ಬಲಗಡೆ ಕಾಣುವ ನೀಲಿ ಬಕೆಟ್ ತೆಗೆಯಿರಿ." ತಿದ್ದಿದ ಫೈಲ್ `1187_P2` ಎಂದು `FIX` ಎಂಬ ಬೇರೆ ಫೋಲ್ಡರಿನಲ್ಲಿ ಬರುತ್ತದೆ. ಹಳೆಯದರ ಮೇಲೆ ಬರೆಯುವುದಿಲ್ಲ, ನಿಮ್ಮ 1846ರ ಲೆಕ್ಕವೂ ಕೆಡುವುದಿಲ್ಲ. ಬಿಟ್ಟುಹೋದ ಯಾರದೋ ಫೋಟೋ ಇದೆಯೇ ಎಂದು ಕೇಳಿ ನಾವು ಹುಡುಕಿ ಕೊಟ್ಟರೆ ಅದಕ್ಕೆ 1847 ಎಂಬ ಹೊಸ ಸಂಖ್ಯೆ ಬರುತ್ತದೆ. ಅದು ಮೆಹಂದಿಯದೇ ಆಗಿದ್ದರೂ ನಡುವೆ ತುರುಕುವುದಿಲ್ಲ, ಏಕೆಂದರೆ ತುರುಕಿದರೆ ಮುಂದಿನ ಎಲ್ಲ ಸಂಖ್ಯೆಗಳೂ ಒಂದೊಂದು ಸರಿದು ನೀವು ಬರೆದಿಟ್ಟ ಪಟ್ಟಿ ಕೆಲಸಕ್ಕೆ ಬಾರದಂತಾಗುತ್ತದೆ. ಜೊತೆಗೆ ಹೊಸ `00_LIST.txt` ಕಳಿಸುತ್ತೇವೆ.

6. ಹೊರಗೆ ಪ್ರಿಂಟ್ ಹಾಕಿಸುವಾಗ

ಫ್ರೇಮಿಗೆಂದು ಬೇರೆ ಅಂಗಡಿಯಲ್ಲಿ ಪ್ರಿಂಟ್ ಹಾಕಿಸುವವರು ಕೊನೆಯ ಅಕ್ಷರ ನೋಡಿಕೊಳ್ಳಿ. `M` ಫೈಲಿನ ಉದ್ದ 2048 ಪಿಕ್ಸೆಲ್, ಅಂದರೆ ಚಿತ್ರದ ಉದ್ದಕ್ಕೂ ಅಷ್ಟು ಚುಕ್ಕೆಗಳು. ಇಂಚಿಗೆ 300 ಚುಕ್ಕೆಯಂತೆ ಅಚ್ಚು ಹಾಕಿದರೆ ಅದು ಏಳು ಇಂಚಿಗೂ ಸಾಲುವುದಿಲ್ಲ. 12×18ಕ್ಕೆ 3600×5400 ಪಿಕ್ಸೆಲ್ ಬೇಕು. ನಮ್ಮ 24 ಮೆಗಾಪಿಕ್ಸೆಲ್ ಕ್ಯಾಮೆರಾದ `P` ಫೈಲ್ 4000×6000 ಇರುವುದರಿಂದ ಅದಕ್ಕೆ ಧಾರಾಳ. ಮೊಬೈಲ್ ತೆರೆಯಲ್ಲಿ ಎರಡೂ ಒಂದೇ ರೀತಿ ಚೆನ್ನಾಗಿ ಕಾಣುತ್ತವೆ, ಆದ್ದರಿಂದ ಕಣ್ಣಿನ ಮೇಲೆ ನಂಬಿಕೆ ಬೇಡ, ಹೆಸರು ನೋಡಿ.

7. ಶೀಟ್‌ಗಳನ್ನು ನೋಡಿ ಒಪ್ಪಿಗೆ ಕೊಡುವುದು

ವಿನ್ಯಾಸವಾದ ಶೀಟ್‌ಗಳು `ALBUM` ಫೋಲ್ಡರಿನಲ್ಲಿ ಈ ಹೆಸರಿನಿಂದ ಬರುತ್ತವೆ:

```
J147_ALBUM_V1_S07.jpg
```

`S07` ಏಳನೆಯ ಶೀಟ್, `V1` ಮೊದಲ ಸಲದ ವಿನ್ಯಾಸ. ಪ್ರತಿ ಫೋಟೋದ ಕೆಳಗೆ ಅದರ ಸಂಖ್ಯೆ ಚಿಕ್ಕದಾಗಿ ಕಾಣುತ್ತದೆ, ಅಚ್ಚಿನಲ್ಲಿ ಇದು ಇರುವುದಿಲ್ಲ. ಬದಲಾವಣೆ ಹೇಳುವಾಗ "S07, 0655 ತೆಗೆದು 0661 ಹಾಕಿ" ಎಂದು ಬರೆಯಿರಿ. "ಅಪ್ಪನ ಆ ಫೋಟೋ ಬೇಡ" ಎಂದರೆ ಅಪ್ಪನ ಫೋಟೋ ಎಂಟು ಶೀಟಿನಲ್ಲಿರುತ್ತದೆ.

ಒಂದೇ ಶೀಟ್ ಬದಲಾದರೂ ಇಡೀ ಆಲ್ಬಮ್ಮನ್ನು `V2` ಎಂದು ಮತ್ತೆ ಕಳಿಸುತ್ತೇವೆ. ಬದಲಾಗದ ಇಪ್ಪತ್ತೊಂಬತ್ತನ್ನು ಮತ್ತೆ ಏಕೆ ಕಳಿಸುತ್ತೀರಿ ಎಂದು ಕೇಳಬಹುದು. V1ರ ಕೆಲವು, V2ರ ಕೆಲವು ಎಂದು ಬೆರೆತು ಲ್ಯಾಬಿಗೆ ಹೋಗುವ ದಾರಿಯನ್ನೇ ಮುಚ್ಚಲು ಹೀಗೆ ಮಾಡುತ್ತೇವೆ. V2 ಬಂದ ಕೂಡಲೇ V1 ಶೀಟ್‌ಗಳನ್ನೆಲ್ಲ ಅಳಿಸಿಬಿಡಿ, ಮನೆಯವರ ಗುಂಪಿನಲ್ಲಿ ಹಂಚಿದ್ದರೆ ಅಲ್ಲಿಯೂ ತಿಳಿಸಿ. ಹಳೆಯ ವಿನ್ಯಾಸ ನೋಡಿ ಹೊಸದಕ್ಕೆ ತಿದ್ದುಪಡಿ ಹೇಳುವುದು ಹೀಗೆಯೇ ಆಗುತ್ತದೆ.

ಒಪ್ಪಿಗೆ ಕೊಡುವಾಗ ಬರೀ "ಓಕೆ" ಅಥವಾ ಹೆಬ್ಬೆರಳಿನ ಗುರುತು ಸಾಲದು. "J147 V2 ಒಪ್ಪಿಗೆ, ಅಚ್ಚು ಹಾಕಿ" ಎಂದು ಬರೆಯಿರಿ. ಈ ಸಾಲು ಅಂತಿಮ ಪಟ್ಟಿ ಕೊಟ್ಟವರಿಂದಲೇ ಬರಬೇಕು, ಅದು ಬಂದ ಮೇಲಷ್ಟೇ ಲ್ಯಾಬಿಗೆ ಕಳಿಸುತ್ತೇವೆ. ಅಚ್ಚಾದ ಶೀಟನ್ನು ಬದಲಿಸಲು ಬರುವುದಿಲ್ಲ.

ಹಳೆಯ ಆಲ್ಬಮ್‌ಗಳ ವಿಷಯ

ಈ ಕ್ರಮಕ್ಕೆ ಮುಂಚೆ ಕೊಟ್ಟ ಫೋಟೋಗಳ ಹೆಸರನ್ನು ನಾವು ಬದಲಿಸುವುದಿಲ್ಲ. ನಿಮ್ಮ ಹತ್ತಿರ ಇರುವ ಪೆನ್‌ಡ್ರೈವ್, ನಿಮ್ಮ ಹಳೆಯ ಪಟ್ಟಿ, ನಮ್ಮ ಹಾರ್ಡ್‌ಡಿಸ್ಕ್ ಮೂರೂ ಈಗ ಹೊಂದಿಕೊಂಡಿವೆ, ಒಂದನ್ನು ಮುಟ್ಟಿದರೆ ಉಳಿದೆರಡು ತಪ್ಪುತ್ತವೆ. ಹಳೆಯ ಫೋಟೋದ ಪ್ರಿಂಟ್ ಬೇಕಿದ್ದರೆ `DSC_0412` ಎಂಬ ಪೂರ್ತಿ ಹೆಸರು, ಮದುವೆಯ ದಿನಾಂಕ, ಯಾವ ಕಾರ್ಯಕ್ರಮ ಎಂಬ ಮೂರನ್ನೂ ಬರೆದು, ಫೋಟೋವನ್ನು `Document` ಆಗಿ ಜೊತೆಗೆ ಕಳಿಸಿ. ಆ ಹೆಸರಿನ ಎರಡು ಫೋಟೋ ನಮ್ಮಲ್ಲಿದ್ದರೆ ಎರಡನ್ನೂ ಎದುರಿಟ್ಟು ನೋಡಿ, ನಿಮ್ಮನ್ನು ಕೇಳಿಯೇ ಪ್ರಿಂಟ್ ಹಾಕುತ್ತೇವೆ.